ಯಾಕ ಹರದ ಸೀರಿ?

ಇಳಕಲ್ಲಿನ ನಮ್ಮ ಚಿಗವ್ವನಿಗೆ ನಾನು ಮೂರು ಪ್ರಶ್ನೆ ಕೇಳಿದೆ, ಬೇರೆ ಬೇರೆ ದಿನ, ಮಾತಿನ ನಡುವೆ ಸಹಜವಾಗಿ ಬರುವ ಹಾಗೆ.

'ಯಾರು ಕೊಟ್ಟ ಸೀರಿ ಉಟಗೊಂಡಿ?' ಅಂದಾಗ 'ನಮ್ಮ ಅಣ್ಣ' ಅಂದಳು. 'ಎಲ್ಲಿ ತಗೊಂಡ ಸೀರಿ ಉಟಗೊಂಡಿ?' ಅಂದಾಗ 'ಹುನಗುಂದದಾಗ' ಅಂದಳು. ಮೂರನೆಯದು, 'ಯಾಕ ಹರದ ಸೀರಿ ಉಟಗೊಂಡಿ?' ಅದಕ್ಕೆ ಬಂದ ಉತ್ತರ: 'ಹೊಲಕ್ಕ ಹೋಗೂದೈತಿ, ಚಲೋದು ಉಟಗೊಂಡು ಹೋಗಲೇನು?'

ಮೊದಲ ಎರಡು ಉತ್ತರ ಸೀರೆಯ ಬಗ್ಗೆ ಇವೆ: ಕೊಟ್ಟವರು ಯಾರು, ತಗೊಂಡದ್ದು ಎಲ್ಲಿ. ಮೂರನೆಯದು ಉಡುವುದರ ಬಗ್ಗೆ. ಸೀರೆ ಯಾಕೆ ಹರಿಯಿತು ಅನ್ನುವುದಕ್ಕೂ ಕಾರಣ ಇದ್ದೇ ಇತ್ತು, ಬಾಗಿಲ ಮೊಳೆಗೆ ಸಿಕ್ಕು ಹರಿದಿತ್ತು. ಆದರೆ ಆ ಪ್ರಶ್ನೆಗೆ 'ಮೊಳಿಗೆ ಸಿಕ್ಕು' ಅಂತ ಉತ್ತರ ಕೊಡುವವರನ್ನು ನಾನು ಬಾದಾಮಿಯಲ್ಲೂ ಕಾಣಲಿಲ್ಲ, ಹುನಗುಂದದಲ್ಲೂ ಕಾಣಲಿಲ್ಲ. 'ಯಾಕ' ಪಕ್ಕದಲ್ಲೇ ಕೂತ 'ಹರದ'ವನ್ನು ಬಿಟ್ಟು, ದೂರದ 'ಉಟಗೊಂಡಿ'ಗೆ ಹೋಗಿ ಅಂಟಿಕೊಳ್ಳುತ್ತದೆ. ನನ್ನ ಪಿಎಚ್‌ಡಿಯ ಒಂದು ಅಧ್ಯಾಯ ಈ ಸಣ್ಣ ವಿಚಿತ್ರದ ಮೇಲೆ ನಿಂತಿದೆ.

ಇಂಥ ಜಾಗಗಳಿಗೆ 'ದ್ವೀಪ' ಎಂದು ಹೆಸರಿಟ್ಟವರು ಜಾನ್ ರಾಬರ್ಟ್ ರಾಸ್, 1967ರ ತಮ್ಮ ಎಂಐಟಿ ಪ್ರಬಂಧದಲ್ಲಿ. ವಾಕ್ಯದೊಳಗಿನ ಒಂದು ಪದವನ್ನು ಬಹಳ ದೂರ ಸಾಗಿಸಬಹುದು, ಆದರೆ ಕೆಲವು ರಚನೆಗಳ ಒಳಗಿನಿಂದ ಮಾತ್ರ ಹೊರಗೆ ತರಲಾಗದು. ನಾಲ್ಕೂ ಕಡೆ ನೀರು. ಕನ್ನಡದಲ್ಲೇ ನೋಡಬಹುದು. 'ನಾ ಅವ್ವ ಅಕ್ಕಗ ಸೀರಿ ಕೊಟ್ಟಾಳ ಅಂತ ತಿಳದಿದ್ದೆ' ಎಂಬ ವಾಕ್ಯದಲ್ಲಿ 'ಅಕ್ಕಗ'ವನ್ನು ಎತ್ತಿ ಮುಂದೆ ಇಡಿ: 'ಅಕ್ಕಗ ನಾ ಅವ್ವ ಸೀರಿ ಕೊಟ್ಟಾಳ ಅಂತ ತಿಳದಿದ್ದೆ.' ಸ್ವಲ್ಪ ಜಗ್ಗಿದಂತಾದರೂ ಅರ್ಥ ಕೂಡುತ್ತದೆ. ಈಗ 'ನಾ ಅವ್ವ ಅಕ್ಕಗ ಕೊಟ್ಟ ಸೀರಿ ಹರದೆ' ಎಂಬುದರಲ್ಲಿ ಅದನ್ನೇ ಮಾಡಿ: 'ಅಕ್ಕಗ ನಾ ಅವ್ವ ಕೊಟ್ಟ ಸೀರಿ ಹರದೆ.' ಕೇಳಿದವರು 'ಅಕ್ಕಗ ಏನು?' ಅನ್ನುತ್ತಾರೆ. 'ಕೊಟ್ಟ' ಎಂಬ ಕೃದಂತ ಸೀರೆಗೆ ವಿಶೇಷಣವಾಗಿ ಕೂತೊಡನೆ ಅದರ ಸುತ್ತ ನೀರು ತುಂಬಿತು.

ಈ ನೀರು ಎಲ್ಲಿಂದ ಬಂತು ಎನ್ನುವುದೇ ಜಗಳ. ಅದು ಭಾಷೆಯ ನಿಯಮ, ನಮ್ಮ ವ್ಯಾಕರಣಜ್ಞಾನದ ಭಾಗ ಅನ್ನುವುದು ಒಂದು ಪಕ್ಷ. ನಿಯಮ ಗಿಯಮ ಏನೂ ಇಲ್ಲ, ತಲೆ ದಣಿಯುತ್ತದೆ ಅಷ್ಟೇ ಅನ್ನುವುದು ಇನ್ನೊಂದು. 'ಅಕ್ಕಗ' ಕೇಳಿದೊಡನೆ ಅದರ ಕ್ರಿಯಾಪದ ಸಿಗುವತನಕ ಅದನ್ನು ನೆನಪಿನಲ್ಲಿ ಹೊತ್ತಿರಬೇಕು. ಅದರ ಜೊತೆಗೆ ಒಂದು ಇಡಿಕಿರಿದ ನಾಮಪದವನ್ನೂ ಬಿಡಿಸಬೇಕು. ಎರಡು ಹೊರೆ ಒಟ್ಟಿಗೆ ಬಿದ್ದಾಗ ವಾಕ್ಯ ಕುಸಿಯುತ್ತದೆ, ಕುಸಿದದ್ದನ್ನು ನಾವು 'ತಪ್ಪು' ಅನ್ನುತ್ತೇವೆ. ಇದು ಹಗುರವಾದ ವಾದವಲ್ಲ. 2010ರಲ್ಲಿ ಹಾಫ್‌ಮೈಸ್ಟರ್ ಮತ್ತು ಸ್ಯಾಗ್ ತೋರಿಸಿದ ಹಾಗೆ, ಬರೀ 'ಯಾರು' ಅನ್ನುವ ಬದಲು 'ಯಾವ ಇಂಥವರು' ಎಂದು ಪ್ರಶ್ನೆಯ ಪದವನ್ನು ತುಂಬಿಸಿದರೆ ಇಂಗ್ಲಿಷಿನ ದ್ವೀಪವಾಕ್ಯಗಳು ಜನರಿಗೆ ಹೆಚ್ಚು ಸಹ್ಯವಾಗುತ್ತವೆ. ನಿಯಮವೇ ಆಗಿದ್ದರೆ ಪದ ತುಂಬಿಸಿದ್ದಕ್ಕೆ ಅದು ಯಾಕೆ ಸಡಿಲಾಗಬೇಕು?

ಇದಕ್ಕೆ ಬಂದ ದೊಡ್ಡ ಪರೀಕ್ಷೆ 2012ರದು. ಸ್ಪ್ರೌಸ್, ವೇಜರ್ಸ್, ಫಿಲಿಪ್ಸ್ ಹೀಗೆ ಯೋಚಿಸಿದರು: ಪದವನ್ನು ದೂರ ಒಯ್ದದ್ದಕ್ಕೆ ಒಂದಷ್ಟು ಬೆಲೆ, ರಚನೆ ಇಡಿಕಿರಿದಿದ್ದಕ್ಕೆ ಒಂದಷ್ಟು ಬೆಲೆ ಇರಲಿ. ದ್ವೀಪದಲ್ಲಿ ಕಾಣುವ ಕುಸಿತ ಆ ಎರಡರ ಮೊತ್ತಕ್ಕಿಂತ ಹೆಚ್ಚು. ಆ ಹೆಚ್ಚುವರಿ ನೆನಪಿನ ಸಾಲದಿಂದ ಬಂದದ್ದಾದರೆ, ನೆನಪು ಚೆನ್ನಾಗಿರುವವರಲ್ಲಿ ಅದು ಕಡಿಮೆ ಇರಬೇಕು. 300ಕ್ಕೂ ಹೆಚ್ಚು ಜನರಿಂದ ವಾಕ್ಯಗಳಿಗೆ ಅಂಕ ಹಾಕಿಸಿ, ಅವರಿಗೆ ನೆನಪಿನ ಪರೀಕ್ಷೆಗಳನ್ನೂ ಕೊಟ್ಟರು. ಎರಡಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಅದೇ ವರ್ಷ ಹಾಫ್‌ಮೈಸ್ಟರ್ ಮತ್ತು ಜೊತೆಗಾರರು ಮರುತ್ತರ ಬರೆದರು: ಪದಪಟ್ಟಿ ಒಪ್ಪಿಸುವ ನೆನಪೂ ವಾಕ್ಯ ಬಿಡಿಸುವ ನೆನಪೂ ಒಂದೇ ಅಂತ ಯಾರು ಹೇಳಿದರು? ಆ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಈವರೆಗೆ ಆಗಿಲ್ಲ. ಇಲ್ಲದ ಸಂಬಂಧವನ್ನು ತೋರಿಸಿ ಗೆಲ್ಲುವುದು ಯಾವಾಗಲೂ ಕಷ್ಟ.

ನಾನು ಚಿಗವ್ವನ ಸೀರೆಗೆ ಮರಳುವುದು ಇದಕ್ಕೇ. ಅಲ್ಲಿ ನೆನಪಿನ ಲೆಕ್ಕ ಹಾಕುವ ಮೊದಲೇ ಹೊರೆಯ ವಾದಕ್ಕೆ ತೊಡಕಾಗುತ್ತದೆ. 'ಯಾಕ' ಮತ್ತು 'ಹರದ' ಅಕ್ಕಪಕ್ಕದಲ್ಲಿವೆ. ಹೊತ್ತು ತಿರುಗುವ ದೂರವೇ ಇಲ್ಲ. ದೂರದ ಕ್ರಿಯಾಪದಕ್ಕೆ ಹೋಗುವುದೇ ಹೆಚ್ಚಿನ ಕೆಲಸ, ಆದರೂ ಕಿವಿ ಅದನ್ನೇ ಆರಿಸುತ್ತದೆ. 'ಯಾರು' ಕೂಡ 'ಯಾಕ'ದಷ್ಟೇ ಬರಿದಾದ ಒಂದು ಪದ, ಅದೇ ಜಾಗದಲ್ಲಿ ಕೂತಿದೆ, ಆದರೂ ಸಲೀಸಾಗಿ ಒಳಗಿನ 'ಕೊಟ್ಟ'ಕ್ಕೆ ಸೇರುತ್ತದೆ.

ಸೀರೆ ಹರಿದ ಕಾರಣವನ್ನು ಹಿಡಿದು ಸೀರೆಯನ್ನು ಗುರುತಿಸುವುದೇ ಅಸಹಜ, ಅರ್ಥದಲ್ಲೇ ತೊಂದರೆ ಇದೆ ಅನ್ನಬಹುದು. ಹಾಗಾದರೆ ಇದನ್ನು ಕೇಳಿ: 'ಯಾವುದಕ್ಕ ಸಿಕ್ಕು ಹರದ ಸೀರಿ ಉಟಗೊಂಡಿ?' ತಟ್ಟನೆ ಉತ್ತರ: 'ಬಾಗಲ ಮೊಳಿಗೆ.' ಕೇಳಿದ ವಿಷಯ ಹೆಚ್ಚುಕಡಿಮೆ ಅದೇ. ರಚನೆ ಮೊದಲಿಗಿಂತ ಉದ್ದ, ಒಳಗೆ ಇನ್ನೊಂದು ಕ್ರಿಯೆ ಬೇರೆ ಸೇರಿದೆ. ಹೊರೆ ಹೆಚ್ಚಿತು, ವಾಕ್ಯ ಸುಸೂತ್ರವಾಯಿತು. ಬದಲಾದದ್ದು ಇಷ್ಟೇ: 'ಯಾವುದಕ್ಕ' ವಿಭಕ್ತಿ ಹೊತ್ತು 'ಸಿಕ್ಕು' ಎಂಬ ಕ್ರಿಯೆ ಬೇಡುವ ಸ್ಥಾನ ತುಂಬುವ ಪದ, 'ಯಾಕ' ಹಾಗಲ್ಲ. ಇದು ವ್ಯಾಕರಣದ ವರ್ಗಗಳ ವ್ಯತ್ಯಾಸ. ಇದನ್ನು ದಣಿವಿನ ಭಾಷೆಯಲ್ಲಿ ಹೇಳುವ ದಾರಿ ನನಗೆ ಕಾಣುತ್ತಿಲ್ಲ.

ಸಂಸ್ಕರಣೆಯ ಪಕ್ಷಕ್ಕೆ ಉಳಿದಿರುವ ಒಳ್ಳೆಯ ಉತ್ತರ ಒಂದಿದೆ, ನಿರೀಕ್ಷೆಯದು. ದಿನವೂ ಕೇಳುವ 'ಯಾಕ'ಗಳು ಮುಖ್ಯ ಕ್ರಿಯಾಪದಕ್ಕೇ ಸೇರುವಂಥವು, ಹಾಗಾಗಿ ಕಿವಿ ಅಲ್ಲಿಗೇ ಹಾರುತ್ತದೆ ಅನ್ನಬಹುದು. ಒಪ್ಪುತ್ತೇನೆ. ಆದರೆ 'ಯಾರು' ಕೇಳಿದಾಗಲೂ ಮೊದಲು ಮುಖ್ಯ ವಾಕ್ಯದ ಕರ್ತೃವನ್ನೇ ನಿರೀಕ್ಷಿಸುತ್ತೇವೆ, 'ಕೊಟ್ಟ ಸೀರಿ' ಬಂದೊಡನೆ ಸದ್ದಿಲ್ಲದೆ ತಿದ್ದಿಕೊಳ್ಳುತ್ತೇವೆ. 'ಯಾಕ'ದಲ್ಲಿ ತಿದ್ದಿಕೊಳ್ಳುವುದು ಆಗುವುದೇ ಇಲ್ಲ, ಹರಿದ ಕಥೆಯನ್ನೇ ಮಾತಾಡುತ್ತಿದ್ದಾಗಲೂ. ಯಾವ ಸಂದರ್ಭವೂ ಅಲುಗಿಸಲಾರದ ನಿರೀಕ್ಷೆಯನ್ನು ನಾನು ನಿಯಮ ಎಂದೇ ಕರೆಯುತ್ತೇನೆ. ಆ ನಿಯಮ ತಲೆಮಾರುಗಳ ದಣಿವಿನಿಂದ, ರೂಢಿಯಿಂದ ಗಟ್ಟಿಯಾದದ್ದು ಇರಬಹುದು. ಹುಟ್ಟಿನ ಕಥೆಯಾಗಿ ಅದನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ಇವತ್ತು ಚಿಗವ್ವನ ತಲೆಯಲ್ಲಿ ಇರುವುದು ದಣಿವಲ್ಲ.

ಇದಕ್ಕೊಂದು ಮಿತಿಯೂ ಇದೆ. ಕನ್ನಡದ 'ಯಾಕ' ಇದ್ದಲ್ಲೇ ಇರುತ್ತದೆ, ಇಂಗ್ಲಿಷಿನ ಪ್ರಶ್ನಪದದಂತೆ ಕಣ್ಣಿಗೆ ಕಾಣುವಂತೆ ಸಾಗುವುದಿಲ್ಲ. ಚೀನೀ ಭಾಷೆಯಲ್ಲಿ 'ಯಾರು' ಮತ್ತು 'ಯಾಕೆ'ಗಳ ನಡುವೆ ಇಂಥದೇ ಭೇದ ಕಂಡ ಜೇಮ್ಸ್ ಹ್ವಾಂಗ್, 1982ರಲ್ಲಿ, ಕಾಣದಿದ್ದರೂ ಒಂದು ಸಾಗಣೆ ನಡೆದೇ ಇದೆ ಎಂದು ವಾದಿಸಿದರು. ಅದನ್ನು ಒಪ್ಪದವರಿಗೆ ನನ್ನ ಸೀರೆಯ ಉದಾಹರಣೆ 'ಅಕ್ಕಗ'ದ ದ್ವೀಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ದ್ವೀಪ ದಣಿವಿನದೇ ಆಗಿರಬಹುದು. ಎರಡಕ್ಕೂ ಒಂದೇ ಕಾರಣ ಎಂದು ತೋರಿಸಲು ಎರಡನ್ನೂ ಅದೇ ಜನರ ಮುಂದೆ ಇಡಬೇಕು. ಮುಂದಿನ ತಿಂಗಳು ಗುಳೇದಗುಡ್ಡಕ್ಕೆ ಹೋಗುವಾಗ ಒಯ್ಯುವ ವಾಕ್ಯಗಳ ಪಟ್ಟಿಯಲ್ಲಿ ಸೀರೆಯ ಜಾಗದಲ್ಲಿ ಖಣ ಹಾಕಿದ್ದೇನೆ. 'ಯಾಕ ಹರದ ಖಣ ತಂದಿ?' ಅಂದಾಗ ಯಾರಾದರೂ 'ಮೊಳಿಗೆ ಸಿಕ್ಕು' ಅಂದರೆ ಆ ಅಧ್ಯಾಯವನ್ನು ಮತ್ತೆ ಬರೆಯಬೇಕಾಗುತ್ತದೆ.