ಅರವತ್ತನ್ನು ತಿರುಗಿಸಿದರೆ

ಬೀಳ್ಕೊಡುಗೆಯ ಕಾರ್ಡಿಗೆ ಬರೆಯುವುದು ಬಿನ್ನವತ್ತಳೆ ಬರೆಯುವುದಕ್ಕಿಂತ ಕಷ್ಟ. ಬಿನ್ನವತ್ತಳೆಗೆ ಚೌಕಟ್ಟು ಇರುತ್ತದೆ, ಗಾಜು ಇರುತ್ತದೆ, ‘ಸಹೃದಯಿಗಳೇ, ಕರ್ತವ್ಯನಿಷ್ಠರೇ, ಸೌಜನ್ಯಮೂರ್ತಿಗಳೇ’ ಎಂಬ ಸಂಬೋಧನೆಗಳ ಸಾಲು ಇರುತ್ತದೆ. ಹೆಸರೊಂದನ್ನು ಬದಲಾಯಿಸಿದರೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರಿಗೆ ಬರೆದದ್ದು ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೂ ನಡೆಯುತ್ತದೆ. ಅದನ್ನು ಯಾರೂ ಓದುವುದಿಲ್ಲ, ಗೋಡೆಗೆ ತೂಗುಹಾಕುತ್ತಾರೆ. ಕಾರ್ಡನ್ನು ಮಾತ್ರ ಓದುತ್ತಾರೆ. ಅದೂ ಕೊಟ್ಟ ಕ್ಷಣದಲ್ಲೇ, ಹೆಂಡತಿ ಮಕ್ಕಳ ಎದುರು, ಗಟ್ಟಿಯಾಗಿ. ಎಂಟು ಹತ್ತು ಸಾಲುಗಳಲ್ಲಿ ಒಂದು ಸುಳ್ಳು ಇದ್ದರೂ ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ನನಗೆ ಈ ಕೆಲಸ ಬಂದದ್ದು ಗೆಳತಿಯಿಂದ. ಎರಡು ವರ್ಷದ ಹಿಂದೆ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿದವಳು. ‘ಗಾದೆಗಳ ಮೇಲೆ ಪಿಎಚ್‌ಡಿ ಮಾಡ್ತಿದೀಯಲ್ಲೇ, ಒಂದು ಕಾರ್ಡು ಬರೆದುಕೊಡೋಕಾಗಲ್ವಾ?’ ಎಂದಳು. ಅವಳ ಶಾಖೆಯ ಹಿರಿಯ ಕ್ಲರ್ಕ್ ಒಬ್ಬರು ಕಳೆದ ವರ್ಷ ಮೇ 31ರಂದು ನಿವೃತ್ತರಾಗುವವರಿದ್ದರು. ಅವರ ಹೆಸರು ಇಲ್ಲಿ ಬೇಡ. ಶಾಖೆಯಲ್ಲಿ ಎಲ್ಲರಿಗೂ ಅವರು ರಾಯರು. 1988ರಲ್ಲಿ ಸೇರಿದವರು, ಮೂವತ್ತೇಳು ವರ್ಷದ ಸೇವೆ. ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕವದು. ಆ ಕಾಲದ ಅರ್ಧ ಕರ್ನಾಟಕ ಶಾಲೆ ಶುರುವಾಗುವ ತಿಂಗಳಿನಲ್ಲೇ ಹುಟ್ಟಿದೆ. ತಿಂಗಳ ಮೊದಲ ತಾರೀಖಿನಲ್ಲಿ ಹುಟ್ಟಿದವರಿಗೆ ನೌಕರಿ ಹಿಂದಿನ ತಿಂಗಳ ಕೊನೆಯ ದಿನವೇ ಮುಗಿಯುತ್ತದೆ. ಹಾಗಾಗಿ ಅರವತ್ತು ತುಂಬುವ ಹಿಂದಿನ ಸಂಜೆಯೇ ರಾಯರಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ.

ಶಾಖೆಯವರು ಆಗಲೇ ಗಾದೆಗಳ ಪಟ್ಟಿಯೊಂದನ್ನು ಮಾಡಿದ್ದರು. ಮೊದಲನೆಯದು ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’. ಹಣದ ಗಾದೆ, ಬ್ಯಾಂಕಿಗೆ ಒಪ್ಪುತ್ತದೆ ಎಂದು ಯಾರೋ ಸೂಚಿಸಿದ್ದು. ಆದರೆ ನಾಳೆಯಿಂದ ಪಿಂಚಣಿಯಲ್ಲಿ ಬದುಕಬೇಕಾದವರಿಗೆ ಇದನ್ನು ಕೊಡುವುದೆಂದರೆ ಹೊಸಿಲಿನಲ್ಲೇ ಹೆದರಿಸಿ ಕಳಿಸಿದ ಹಾಗೆ. ಎರಡನೆಯದು ‘ನಿಧಾನವೇ ಪ್ರಧಾನ’. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಕಾದವರು ಯಾರೂ ಇದನ್ನು ಮೆಚ್ಚುಗೆ ಎಂದು ಓದಲಾರರು. ಮೂರನೆಯದು ‘ಅರವತ್ತಕ್ಕೆ ಅರಳು ಮರಳು’. ಇದನ್ನು ಸೂಚಿಸಿದವರಿಗೆ ನಗುವ ಚಿತ್ರವೊಂದನ್ನು ಪಕ್ಕದಲ್ಲಿ ಹಾಕುವ ಎಚ್ಚರವಿತ್ತು.

ಗಾದೆಗೆ ಅರ್ಥ ಇರುವುದು ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದರಲ್ಲಿ. ಪುಸ್ತಕದಲ್ಲಿ ಅಕಾರಾದಿಯಾಗಿ ಜೋಡಿಸಿದಾಗ ಎಲ್ಲವೂ ಬುದ್ಧಿಮಾತಿನಂತೆ ಕಾಣುತ್ತವೆ. ಮನುಷ್ಯರ ಬಾಯಲ್ಲಿ ಹೆಚ್ಚಿನವು ಚುಚ್ಚುಮಾತು. ನಾನು ಹಳ್ಳಿಗಳಲ್ಲಿ ಸಂಗ್ರಹಿಸಿಕೊಂಡು ಬಂದವುಗಳಲ್ಲಿ ಹೊಗಳುವ ಗಾದೆಗಳು ಬೆರಳೆಣಿಕೆಯಷ್ಟು, ಕುಟುಕುವವು ಚೀಲದ ತುಂಬ. ಹಾಗಾಗಿ ಬೆಚ್ಚಗಿನ ಗಾದೆಯನ್ನು ಹುಡುಕುವುದಕ್ಕಿಂತ, ಕುಟುಕುವ ಗಾದೆಯ ಕೊಂಡಿಯನ್ನು ಬಿಡಿಸಿಕೊಡುವುದೇ ಸುಲಭ ಅನ್ನಿಸಿತು. ‘ಅರಳು ಮರಳು’ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ವಯಸ್ಸಾದವರ ಮತಿಗೇಡನ್ನು ಹೇಳುವ ಆ ಮಾತಿನೊಳಗೆ ಅರಳುವುದೂ ಇದೆ, ಮರಳಿ ಬರುವುದೂ ಇದೆ. ಬೇಂದ್ರೆಯವರು ಇದೇ ಹೆಸರಿನ ಸಂಕಲನಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಅವರಿಗೆ ಅರವತ್ತು ದಾಟಿತ್ತು. ಎರಡು ಪದಗಳ ಜಾಗ ಬದಲಿಸಿದರೆ ಬೈಗುಳ ಹಾರೈಕೆಯಾಗುತ್ತದೆ: ಮರಳಿ ಅರಳಿ.

ಹಾಸ್ಯದ ಭಾಗಕ್ಕೆ ಮಾತ್ರ ನನ್ನ ಪುಸ್ತಕಗಳು ಯಾವ ಸಹಾಯವನ್ನೂ ಮಾಡಲಿಲ್ಲ. ಬೇರೆಯವರ ಬೋಳುತಲೆ, ಹೊಟ್ಟೆ, ಕನ್ನಡಕಗಳ ಮೇಲೆ ಕಾರ್ಡಿನಲ್ಲಿ ತಮಾಷೆ ಮಾಡುವುದು ರೂಢಿಯಲ್ಲಿದೆ. ಕೇಳುವಾಗ ಎಲ್ಲರೂ ನಗುತ್ತಾರೆ, ಮನೆಗೆ ಹೋದ ಮೇಲೆ ಅವರೊಬ್ಬರು ಮತ್ತೆ ಓದಿಕೊಳ್ಳುತ್ತಾರೆ. ರಾಯರು ತಾವೇ ಹೇಳುತ್ತಿದ್ದ ತಮಾಷೆ ಏನಾದರೂ ಇದೆಯೇ ಎಂದು ಗೆಳತಿಯನ್ನು ಕೇಳಿದೆ. ಅವಳು ಎರಡು ಸಂಗತಿ ಹೇಳಿದಳು.

ಮೊದಲನೆಯದು ಒಂಬತ್ತರ ಲೆಕ್ಕ. ಅವಳು ಸೇರಿದ ಮೂರನೇ ವಾರ ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಕಂಪ್ಯೂಟರ್ ಇರಬೇಕೆಂದು ಹೇಳುವ ಮೊತ್ತಕ್ಕಿಂತ ಪೆಟ್ಟಿಗೆಯಲ್ಲಿ 2,700 ರೂಪಾಯಿ ಕಡಿಮೆ. ನೋಟುಗಳನ್ನು ಮೂರು ಸಲ ಎಣಿಸಿದ್ದಾಯಿತು. ಕಡಿಮೆ ಬಿದ್ದ ಹಣವನ್ನು ಕ್ಯಾಶಿಯರ್ ಕೈಯಿಂದಲೇ ಕಟ್ಟಬೇಕು. ಅವಳ ಕಣ್ಣಲ್ಲಿ ನೀರು ಬಂತು. ರಾಯರು ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಒಂಬತ್ತರಿಂದ ಹೋಗುತ್ತೇನಮ್ಮಾ?’

ಕೈಯಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದ ಕ್ಲರ್ಕುಗಳಿಗೆಲ್ಲ ಇದು ಗೊತ್ತಿತ್ತು. ಒಂದು ಸಂಖ್ಯೆಯಲ್ಲಿ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ, ಸರಿಯಾದ ಸಂಖ್ಯೆಗೂ ತಪ್ಪಾದದ್ದಕ್ಕೂ ಇರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 54ನ್ನು 45 ಎಂದು ಬರೆದರೆ 9 ವ್ಯತ್ಯಾಸ, 82ನ್ನು 28 ಎಂದರೆ 54. ಹತ್ತರ ಸ್ಥಾನದ ಅಂಕಿ ಬಿಡಿಸ್ಥಾನಕ್ಕೆ ಇಳಿದಾಗ ತನ್ನ ಒಂಬತ್ತು ಪಾಲನ್ನು ಕಳೆದುಕೊಳ್ಳುತ್ತದೆ, ಬಿಡಿಸ್ಥಾನದ್ದು ಮೇಲೇರಿ ತನ್ನ ಒಂಬತ್ತು ಪಾಲನ್ನು ಗಳಿಸುತ್ತದೆ, ಅಷ್ಟೇ ಗುಟ್ಟು. ಒಂದು ಸೊನ್ನೆ ಬಿಟ್ಟುಹೋದರೂ ಹೀಗೇ ಆಗುತ್ತದೆ: 500ನ್ನು 50 ಎಂದು ಬರೆದರೆ ಬರುವ 450 ಕೂಡ ಒಂಬತ್ತರಿಂದ ಹೋಗುತ್ತದೆ. ಆದ್ದರಿಂದ ಈ ಲೆಕ್ಕ ತಪ್ಪು ಇಂಥಲ್ಲೇ ಇದೆ ಎಂದು ಹೇಳುವುದಿಲ್ಲ, ಮೊದಲು ಎಲ್ಲಿ ಹುಡುಕಬೇಕೆಂದು ಹೇಳುತ್ತದೆ.

2,700 ಒಂಬತ್ತರಿಂದ ಹೋಗುತ್ತದೆ, ಮುನ್ನೂರು ಸಲ. ವ್ಯತ್ಯಾಸ ಸಾವಿರ ಮತ್ತು ನೂರರ ಸ್ಥಾನಗಳಲ್ಲಿ ಇರುವುದರಿಂದ, ಅಲ್ಲಿನ ಅಂಕಿಗಳ ನಡುವೆ ಮೂರರ ಅಂತರ ಇರುವ ಚಲನ್‌ಗಳನ್ನಷ್ಟೇ ತೆಗೆಯಲು ರಾಯರು ಹೇಳಿದರು. ಎರಡು ಸಿಕ್ಕವು, ಎರಡನೆಯದೇ ಕಳ್ಳ. 3,600 ರೂಪಾಯಿ ಕಟ್ಟಿಸಿಕೊಂಡು ಕಂಪ್ಯೂಟರಿಗೆ 6,300 ಎಂದು ಒತ್ತಲಾಗಿತ್ತು. ಹದಿನೈದು ನಿಮಿಷದ ಕೆಲಸ. ‘ದುಡ್ಡು ಎಲ್ಲೂ ಹೋಗಿಲ್ಲ, ಅಂಕಿ ಅದಲುಬದಲಾಗಿದೆ ಅಷ್ಟೇ, ಗಾಬರಿ ಬೇಡ’ ಎಂದು ಹೇಳಿ ರಾಯರು ಬಸ್ಸು ಹಿಡಿಯಲು ಹೋದರಂತೆ.

ಎರಡನೆಯದು ನವೆಂಬರ್ ತಿಂಗಳಿನದು. ಆ ತಿಂಗಳು ಪಿಂಚಣಿದಾರರು ತಾವು ಜೀವಂತ ಇದ್ದೇವೆ ಎಂಬ ಪ್ರಮಾಣಪತ್ರ ಸಲ್ಲಿಸಬೇಕು, ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ. ಈಗ ಮೊಬೈಲಿನಲ್ಲೂ ಮಾಡಬಹುದು. ಆದರೂ ಕೋಲೂರಿಕೊಂಡು ಶಾಖೆಗೇ ಬರುವವರು ಬಹಳ. ಆ ಕೌಂಟರ್ ರಾಯರದು. ‘ಏನ್ ಸಾರ್, ಇದ್ದೀರಾ?’ ಎಂದು ಅವರು ಕೇಳಬೇಕು, ‘ಇದ್ದೀನಪ್ಪಾ, ಬರ್ಕೋ’ ಎಂದು ಇವರು ಹೇಳಬೇಕು. ಬಾರದೇ ಹೋದವರ ಹೆಸರುಗಳನ್ನು ರಾಯರು ಡಿಸೆಂಬರಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು, ಸಂಜೆ ಮನೆಗೆ ಹೋಗುವಾಗ ಅವರವರ ಬೀದಿಯಲ್ಲಿ ವಿಚಾರಿಸುತ್ತಿದ್ದರು.

ಇಷ್ಟು ಸಿಕ್ಕ ಮೇಲೆ ಕಾರ್ಡು ತಾನಾಗಿ ಬರೆದುಕೊಂಡಿತು ಎನ್ನಬಹುದಿತ್ತು. ಆದರೆ ಶಾಖೆಯವರ ಕರಡಿನಲ್ಲಿದ್ದ ಒಂದು ವಾಕ್ಯ ನನ್ನನ್ನು ಎರಡು ದಿನ ಕಾಡಿತು: ‘ಗುಮಾಸ್ತರಾಗಿದ್ದರೂ ಅಧಿಕಾರಿಗಳಷ್ಟೇ ತಿಳಿವಳಿಕೆ ಉಳ್ಳವರು’. ಬರೆದವರಿಗೆ ಅದು ಹೊಗಳಿಕೆಯೇ. ಆದರೆ ‘ಇದ್ದರೂ’ ಎಂಬ ಪದದ ಕೊನೆಯ ಊಕಾರ ಮೂವತ್ತೇಳು ವರ್ಷವನ್ನು ಒಂದು ಕೊರತೆಯನ್ನಾಗಿ ಮಾಡಿಬಿಡುತ್ತದೆ. ರಾಯರಿಗೆ ಬಡ್ತಿಯ ಅವಕಾಶ ಬಂದಿತ್ತು, ಎರಡು ಸಲ ಬೇಡವೆಂದಿದ್ದರು. ಆಫೀಸರ್ ಆದರೆ ವರ್ಗಾವಣೆ, ಬೇರೆ ರಾಜ್ಯಕ್ಕೂ ಹೋಗಬೇಕಾಗಬಹುದು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ತಾಯಿ ಹೋದ ಮೇಲೂ ಅವರು ಪರೀಕ್ಷೆಗೆ ಕೂರಲಿಲ್ಲ. ‘ಈ ಕಡೆ ಕೂತ್ರೆ ಜನ ಕಾಣ್ತಾರೆ, ಕ್ಯಾಬಿನ್ನಿನಲ್ಲಿ ಬರೀ ಕಾಗದ’ ಎಂದಿದ್ದರಂತೆ. ತಾನೇ ಆರಿಸಿಕೊಂಡದ್ದನ್ನು ಬೇರೆಯವರು ಬಂದು ಕ್ಷಮಿಸುವ ಅಗತ್ಯವಿಲ್ಲ. ಆ ವಾಕ್ಯವನ್ನು ತಿದ್ದಲಿಲ್ಲ, ಪೂರ್ತಿ ತೆಗೆದೆ. ಅಧಿಕಾರಿ, ಗುಮಾಸ್ತ ಎಂಬ ಎರಡು ಪದಗಳೂ ಕಾರ್ಡಿನಲ್ಲಿ ಬರಬಾರದೆಂದು ತೀರ್ಮಾನಿಸಿದೆ. ‘ಖಾತೆ ಮುಗಿಯಿತು’ ಎಂಬ ಶ್ಲೇಷೆಯನ್ನೂ ಬಿಟ್ಟೆ. ಬ್ಯಾಂಕಿನವರ ಕಾರ್ಡಿಗೆ ಎಲ್ಲರಿಗೂ ಹೊಳೆಯುವ ಮಾತದು, ಆದರೆ ಅದರ ಕೆಳಗೆ ಮಸಣದ ನೆರಳಿದೆ.

ಕೊನೆಗೆ ಕಾರ್ಡಿನಲ್ಲಿ ಉಳಿದದ್ದು ಇಷ್ಟು:

‘ಪ್ರೀತಿಯ ರಾಯರೇ,

ಮೂವತ್ತೇಳು ವರ್ಷ ಕೌಂಟರಿನ ಈ ಕಡೆ ನೀವು, ಆ ಕಡೆ ಊರು. ನಾಳೆಯಿಂದ ನೀವೂ ಊರಿನ ಕಡೆ.

ದಾಖಲೆ ನಿಮಗೆ 60 ಎನ್ನುತ್ತಿದೆ. ನಿಮ್ಮ ಹುರುಪು ನೋಡಿದರೆ 06 ಅನ್ನಿಸುತ್ತದೆ. ವ್ಯತ್ಯಾಸ 54, ಒಂಬತ್ತರಿಂದ ಹೋಗುತ್ತದೆ. ನೀವೇ ಹೇಳಿಕೊಟ್ಟ ಹಾಗೆ ಅಂಕಿ ಅದಲುಬದಲಾಗಿದೆ ಅಷ್ಟೇ, ಗಾಬರಿ ಬೇಡ.

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಹಾಗೇ ಆಗಲಿ: ಮರಳಿ ಅರಳಿ.

ಹನಿ ಹನಿ ಕೂಡಿ ಹಳ್ಳ. ಈ ಹಳ್ಳದಲ್ಲಿ ನಿಮ್ಮ ಹನಿ ಎಷ್ಟೆಂದು ಎಣಿಸಲು ನೀವೇ ಬರಬೇಕು.

ನವೆಂಬರಿನಲ್ಲಿ ತಪ್ಪದೆ ಬನ್ನಿ. “ಇದ್ದೀರಾ?” ಎಂದು ಕೇಳುವ ಸರದಿ ನಮ್ಮದು. ಬಾರದಿದ್ದರೆ ನಿಮ್ಮ ಬೀದಿಗೇ ಬಂದು ವಿಚಾರಿಸುತ್ತೇವೆ.’

ಕೆಳಗೆ ಹನ್ನೊಂದು ಸಹಿಗಳಿಗೆ ಜಾಗ ಬಿಟ್ಟಿದ್ದೆ. ಕೇರಳದಿಂದ ಬಂದಿರುವ ಮ್ಯಾನೇಜರ್, ರಾಯರು ಕಲಿಸಿದ ಕನ್ನಡದಲ್ಲೇ ಸಹಿ ಹಾಕಿದರಂತೆ, ಒತ್ತಕ್ಷರವೊಂದು ಪಕ್ಕದ ಸಹಿಯ ಮೇಲೆ ಕಾಲಿಟ್ಟಿತ್ತು.

ನಾನು ಆ ಸಂಜೆ ಅಲ್ಲಿರಲಿಲ್ಲ. ನಡೆದದ್ದನ್ನು ಗೆಳತಿ ರಾತ್ರಿ ಫೋನಿನಲ್ಲಿ ಹೇಳಿದಳು. ಕಾರ್ಡನ್ನು ಅವಳೇ ಓದಿದಳು. 54 ಎಂಬಲ್ಲಿ ರಾಯರು ಕೈಯೆತ್ತಿ ನಿಲ್ಲಿಸಿ, ಕಣ್ಣು ಮುಚ್ಚಿ ಲೆಕ್ಕ ಹಾಕಿ, ‘ಸರಿ ಇದೆ, ಮುಂದಕ್ಕೆ ಹೋಗು’ ಎಂದರು. ಓದಿ ಮುಗಿದ ಮೇಲೆ ಎದ್ದು ನಿಂತು, ‘ಒಂದು ತಿದ್ದುಪಡಿ’ ಎಂದರು. ಶಾಲೆಗೆ ಬೇಗ ಸೇರಿಸಲೆಂದು ಮೇಷ್ಟ್ರು ವಯಸ್ಸು ಹೆಚ್ಚಿಗೆ ಬರೆದಿದ್ದರಂತೆ. ‘ನಿಜಕ್ಕೂ ನನಗಿನ್ನೂ ಐವತ್ತೊಂಬತ್ತೇ. ಆದರೆ ಅದನ್ನ ತಿರುಗಿಸಿದರೆ ತೊಂಬತ್ತೈದಾಗುತ್ತೆ. ಅದಕ್ಕೆ ಅರವತ್ತೇ ಇರಲಿ ಬಿಡಿ.’

95ರಲ್ಲಿ 59 ಕಳೆದರೆ 36. ಅದೂ ಒಂಬತ್ತರಿಂದ ಹೋಗುತ್ತದೆ.