ಹಿಂದಿರುಗುವ ಇರುವೆ

ಇರುವೆ ಸಾಲು ಕಂಡರೆ ನಾನು ಕೂತುಬಿಡುತ್ತೇನೆ. ಕಾಂಪೌಂಡ್ ಗೋಡೆಯಾಗಲಿ, ಅಡುಗೆಮನೆಯ ಕಟ್ಟೆಯಾಗಲಿ, ಹಲಸಿನ ಮರದ ಬುಡವಾಗಲಿ, ನನಗೆ ಎಲ್ಲವೂ ಒಂದೇ. ಸರಸರನೆ ಮುಂದೆ ಸಾಗುವ ನೂರಾರು ಇರುವೆಗಳು ಚಂದವೇ, ಸರಿ. ಆದರೆ ನನ್ನ ಕಣ್ಣು ಹುಡುಕುವುದು ನಡುದಾರಿಯಲ್ಲಿ ಥಟ್ಟನೆ ನಿಂತು, ಮೀಸೆ ಆಡಿಸಿ, ಬಂದ ದಾರಿಗೇ ಹಿಂದಿರುಗುವ ಇರುವೆಯನ್ನು. ಸಾಲಿನ ಗುಟ್ಟು ಇರುವುದು ಅದರಲ್ಲಿ. ಇರುವೆ ಕಣ್ಮುಚ್ಚಿಕೊಂಡು ಮುಂದಿನದರ ಹಿಂದೆ ಹೋಗುವ ಪ್ರಾಣಿಯಾಗಿದ್ದರೆ ಅದು ನಿಲ್ಲಬೇಕಾದ್ದೇ ಇರಲಿಲ್ಲ.

ಆಹಾರ ಕಂಡ ಇರುವೆ ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ಮುಟ್ಟಿಸುತ್ತ ಫೆರೊಮೋನ್ ಎಂಬ ವಾಸನೆಯ ವಸ್ತುವನ್ನು ಸಣ್ಣಸಣ್ಣ ಗುರುತಾಗಿ ಬಿಡುತ್ತದೆ. ಹಿಂದೆ ಬರುವ ಇರುವೆ ತನ್ನ ಎರಡು ಕುಡಿಮೀಸೆಗಳಿಂದ ಆ ಜಾಡಿನ ಎಡಬಲಗಳನ್ನು ಮೂಸುತ್ತದೆ. ಎಡಮೀಸೆಗೆ ವಾಸನೆ ಹೆಚ್ಚು ಸಿಕ್ಕರೆ ಎಡಕ್ಕೆ, ಬಲಮೀಸೆಗೆ ಹೆಚ್ಚು ಸಿಕ್ಕರೆ ಬಲಕ್ಕೆ ವಾಲುತ್ತದೆ. ಒಂದು ಮೀಸೆ ಕಳೆದುಕೊಂಡ ಇರುವೆ ಜಾಡು ಹಿಡಿದು ಹೋಗಬಲ್ಲದಾದರೂ ಉಳಿದ ಮೀಸೆಯ ಕಡೆಗೇ ಜಾಡಿನಾಚೆ ಸರಿದು, ಮತ್ತೆ ಒಳಗೆ ಬರುತ್ತ, ಹಾವಿನಂತೆ ಹೊರಳಿ ಸಾಗುತ್ತದೆ.

ಗೋಡೆಯ ಮೇಲಿನ ಸಾಲಿಗೆ ಅಡ್ಡಲಾಗಿ ಬೆರಳಿನಿಂದ ಒಮ್ಮೆ ಬಲವಾಗಿ ಒರೆಸಿ ನೋಡಿ. ಮೊದಲ ಇರುವೆ ಆ ಜಾಗದ ಅಂಚಿಗೆ ಬಂದು ನಿಲ್ಲುತ್ತದೆ. ಒಂದು ಹೆಜ್ಜೆ ಮುಂದಿಡುತ್ತದೆ, ಹಿಂತೆಗೆಯುತ್ತದೆ, ಅಂಚಿನುದ್ದಕ್ಕೂ ಅತ್ತಿತ್ತ ಓಡುತ್ತದೆ, ಹೊರಳಿ ಹಿಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಎದುರು ಕಡೆಯ ಅಂಚಿನಲ್ಲೂ ಗುಂಪು ಕೂಡಿರುತ್ತದೆ. ಆಮೇಲೆ ಯಾವುದೋ ಒಂದು ಅಡ್ಡಾದಿಡ್ಡಿಯಾಗಿ ದಾಟುತ್ತದೆ, ಇನ್ನೊಂದು ಅದೇ ಕಡೆ ದಾಟುತ್ತದೆ, ಕೆಲವೇ ನಿಮಿಷಗಳಲ್ಲಿ ಸಾಲು ಕೂಡಿಕೊಳ್ಳುತ್ತದೆ. ಅಲ್ಲಿ ಅಪ್ಪಣೆ ಕೊಟ್ಟವರು ಯಾರೂ ಇಲ್ಲ. ಪ್ರತಿಯೊಂದು ಇರುವೆಯೂ ತನ್ನ ಮೀಸೆಗೆ ಸಿಕ್ಕಷ್ಟರಿಂದಲೇ ಹೋಗಲೋ ಬೇಡವೋ ಎಂದು ತೀರ್ಮಾನಿಸಿತು, ಅಷ್ಟೆ.

ಈ ತೀರ್ಮಾನವನ್ನು ಲೆಕ್ಕಕ್ಕೆ ತಂದವರು ಬ್ರಸೆಲ್ಸ್ ವಿಶ್ವವಿದ್ಯಾಲಯದ ಜಾನ್ ಲೂಯಿ ಡೆನ್ಯೂಬೂರ್ ಮತ್ತು ಅವರ ಸಂಗಡಿಗರು. ಅರ್ಜೆಂಟೀನಾ ಇರುವೆಯ ಗೂಡಿಗೂ ಅದು ಹಿಂದೆ ಕಾಲಿಡದ ಹೊಸ ಜಾಗಕ್ಕೂ ನಡುವೆ ಕವಲೊಡೆದು ಮತ್ತೆ ಕೂಡುವ ಸೇತುವೆಯನ್ನಿಟ್ಟರು. ಎರಡು ಕವಲೂ ಒಂದೇ ಉದ್ದ. ಮೊದಲು ಇರುವೆಗಳು ಎರಡರಲ್ಲೂ ಸರಿಸುಮಾರು ಸಮಾನವಾಗಿ ಹಂಚಿಹೋದವು, ಸ್ವಲ್ಪ ಹೊತ್ತಿನಲ್ಲಿ ಬಹುಪಾಲು ಒಂದೇ ಕವಲಿಗೆ ಬಿದ್ದವು. 1990ರಲ್ಲಿ ಅವರು ಪ್ರಕಟಿಸಿದ ಸೂತ್ರ ಸರಳವಾಗಿದೆ. ಪ್ರತಿ ಕವಲಿನಲ್ಲಿ ಈವರೆಗೆ ಹೋದ ಇರುವೆಗಳ ಸಂಖ್ಯೆಗೆ 20 ಕೂಡಿಸಿ, ವರ್ಗ ಮಾಡಿ, ಎರಡನ್ನೂ ಹೋಲಿಸಿದರೆ ಮುಂದಿನ ಇರುವೆ ಯಾವ ಕಡೆ ಹೋಗುವ ಸಂಭವ ಎಷ್ಟು ಎಂಬುದು ಸಿಗುತ್ತದೆ.

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮತ್ತೆ ಮತ್ತೆ ಮಾಡಿ ಸುಖಪಟ್ಟಿದ್ದೇನೆ. ಎಡಕ್ಕೆ 10, ಬಲಕ್ಕೆ 5 ಇರುವೆ ಹೋಗಿವೆ ಎನ್ನಿ. ಮುಂದಿನದು ಎಡಕ್ಕೆ ಹೋಗುವ ಸಂಭವ ನೂರಕ್ಕೆ 59. ಅದೇ 40 ಮತ್ತು 20 ಆದಾಗ 69, 100 ಮತ್ತು 50 ಆದಾಗ 75. ಮೂರು ಸಲವೂ ಒಂದು ಕಡೆ ಇನ್ನೊಂದರ ಎರಡರಷ್ಟೇ ಇದೆ, ಆದರೂ ಇರುವೆಯ ನಂಬಿಕೆ ಏರುತ್ತ ಹೋಗುತ್ತದೆ. ಜಾಡು ತೆಳುವಾಗಿರುವಾಗ ಅದು ತನ್ನಿಷ್ಟದಂತೆ ಹುಡುಕುತ್ತದೆ, ಜಾಡು ದಟ್ಟವಾದಾಗ ಒಪ್ಪಿಕೊಳ್ಳುತ್ತದೆ. ದಟ್ಟವಾದಾಗಲೂ ನೂರಕ್ಕೆ ನೂರು ಎಂಬ ಮಾತಿಲ್ಲ ಎಂಬುದೇ ನನಗೆ ಬಹಳ ಇಷ್ಟವಾದ ಸಂಗತಿ. ಗೋಡೆಯ ಮೇಲಿನ ತುಂಬಿದ ಸಾಲಿನಿಂದಲೂ ಒಂದೆರಡು ಇರುವೆಗಳು ಹೊರಗೆ ತಿರುಗುವುದು ಇದಕ್ಕೇ. ಹೊಸ ಆಹಾರ ಕಾಣುವುದು ಅವಕ್ಕೇ.

ಗೂಡಿನಿಂದ ಆಹಾರಕ್ಕೆ ಹೋಗುವ ಸೇತುವೆಯಲ್ಲಿ ಒಂದು ಕವಲು ಇನ್ನೊಂದರ ಎರಡರಷ್ಟು ಉದ್ದವಾಗಿದ್ದರೆ ಸಾಲು ಗಿಡ್ಡ ಕವಲನ್ನು ಆರಿಸುತ್ತದೆ. ಇರುವೆ ಉದ್ದ ಅಳೆಯಬೇಕಿಲ್ಲ. ಗಿಡ್ಡ ದಾರಿ ಹಿಡಿದವು ಬೇಗ ಮರಳುತ್ತವೆ, ಹಾಗಾಗಿ ಆ ಕವಲಿಗೆ ವಾಪಸು ಬರುವವರ ವಾಸನೆಯೂ ಮೊದಲೇ ಸೇರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಮೊದಲು ಉದ್ದನೆಯ ಕವಲನ್ನು ಮಾತ್ರ ಇಟ್ಟು, ಸಾಲು ಬಲಗೊಂಡ ಮೇಲೆ ಗಿಡ್ಡದ್ದನ್ನು ಜೋಡಿಸಿದರೆ ಅರ್ಜೆಂಟೀನಾ ಇರುವೆಗಳು ಉದ್ದದ ದಾರಿಯಲ್ಲೇ ಸಿಕ್ಕಿಬೀಳುತ್ತವೆ. ಒಳ್ಳೆಯ ದಾರಿ ಕಾಲ ಬಳಿಯೇ ಇದೆ, ಹಳೆಯ ವಾಸನೆ ಬಿಡುವುದಿಲ್ಲ.

ಯುರೋಪಿನ ತೋಟಗಳ ಕಪ್ಪು ಇರುವೆ ಲಾಸಿಯಸ್ ನೈಜರ್ ಈ ಬಲೆಯಿಂದ ಪಾರಾಗುತ್ತದೆ. ಹೇಗೆಂದರೆ, ಹಿಂದಿರುಗಿ! ಉದ್ದನೆಯ ಕವಲಿಗೆ ಕಾಲಿಟ್ಟ ಇರುವೆಗೆ ತಾನು ಹೋಗಬೇಕಾದ ದಿಕ್ಕಿನಿಂದ ಬಹಳ ಅಡ್ಡಕ್ಕೆ ಹೋಗುತ್ತಿದ್ದೇನೆ ಎಂಬುದು ಬೇಗ ತಿಳಿಯುತ್ತದೆ. ಅದು ಅಲ್ಲೇ ತಿರುಗಿ ಕವಲಿಗೆ ಬಂದು ಇನ್ನೊಂದು ದಾರಿ ಹಿಡಿಯುತ್ತದೆ. ಹೀಗೆ ತಿರುಗುವವು ಸಾಕಷ್ಟಾದರೆ ಗಿಡ್ಡ ಕವಲಿನ ವಾಸನೆ ಬೆಳೆದು ಇಡೀ ಸಾಲು ಅತ್ತ ಹೊರಳುತ್ತದೆ. ಈ ಇರುವೆಗೆ ದಾರಿಯ ನೆನಪೂ ಗಟ್ಟಿ. ಹೋಗಿಬಂದು ಪಳಗಿದ ಇರುವೆಗೆ ವಾಸನೆ ಒಂದು ಕಡೆ, ನೆನಪು ಇನ್ನೊಂದು ಕಡೆ ಎಂದಾದರೆ ಅದು ಹೆಚ್ಚಾಗಿ ನೆನಪನ್ನೇ ನಂಬುತ್ತದೆ.

ಜಾಡಿನ ವಾಸನೆಗೆ ಇನ್ನೊಂದು ಕೊರತೆಯಿದೆ. ಅದು ಇಲ್ಲಿ ದಾರಿಯಿದೆ ಎನ್ನುತ್ತದೆ, ಗೂಡು ಯಾವ ಕಡೆ ಎಂದು ಹೇಳುವುದಿಲ್ಲ. ಬಾಯಲ್ಲಿ ಆಹಾರ ಹಿಡಿದು ತಪ್ಪು ದಿಕ್ಕಿಗೆ ಹೊರಟ ಇರುವೆಗೆ ಅದು ಹೇಗೆ ಗೊತ್ತಾಗಬೇಕು? ಮನೆಗಳಲ್ಲಿ ಸೇರಿಕೊಳ್ಳುವ, ಹಳದಿ ಬಣ್ಣದ ಪುಟಾಣಿ ಫೇರೋ ಇರುವೆಯಲ್ಲಿ ಇದಕ್ಕೆ ಉತ್ತರ 2004ರಲ್ಲಿ ಸಿಕ್ಕಿತು. ಅವುಗಳ ಜಾಡು ಗೂಡಿನಿಂದ ಹೊರಹೋಗುತ್ತ ಕವಲೊಡೆಯುವಾಗ ಎರಡು ಕವಲುಗಳ ನಡುವೆ ಸುಮಾರು 60 ಡಿಗ್ರಿ ಕೋನವಿರುತ್ತದೆ. ಹೊರಗೆ ಹೋಗುವ ಇರುವೆ ಯಾವ ಕವಲು ಹಿಡಿದರೂ 30 ಡಿಗ್ರಿಯಷ್ಟೇ ತಿರುಗಬೇಕು. ಗೂಡಿನತ್ತ ಬರುವುದಕ್ಕೆ ಮಾತ್ರ ಒಂದು ಕಡೆ 30 ಡಿಗ್ರಿಯ ಮೆತ್ತನೆಯ ತಿರುವು, ಇನ್ನೊಂದು ಕಡೆ 120 ಡಿಗ್ರಿಯ ಕಡಿದಾದ ತಿರುವು. ಈ ವ್ಯತ್ಯಾಸದಿಂದಲೇ ಇರುವೆ ತನ್ನ ದಿಕ್ಕು ತಿಳಿದು, ತಪ್ಪಿದ್ದರೆ ಕವಲಿನಲ್ಲಿ ಹೊರಳುತ್ತದೆ. ಮೂರು ದಾರಿಗಳನ್ನೂ 120 ಡಿಗ್ರಿಗೆ ಸಮನಾಗಿ ಕೂಡಿಸಿಬಿಟ್ಟರೆ ಅದಕ್ಕೆ ದಿಕ್ಕಿನ ಸುಳಿವೇ ಇಲ್ಲ.

ಕವಲುಗಳ ಬಗ್ಗೆ ನಮ್ಮ ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಮೆರವಣಿಗೆಯಂತೆ ಹೋಗಿ ಗೆದ್ದಲು ಬೇಟೆಯಾಡುವ ಲೆಪ್ಟೋಜೆನಿಸ್ ಇರುವೆಯ ಜಾಡು ಏಕೆ ಕವಲೊಡೆಯುತ್ತದೆ ಎಂಬ ಪ್ರಶ್ನೆ ಹಿಡಿದು ಕೆ.ಎನ್. ಗಣೇಶಯ್ಯ ಮತ್ತು ಟಿ. ವೀಣಾ 1991ರಲ್ಲಿ ಪ್ರಬಂಧ ಬರೆದರು. ಕನ್ನಡ ಓದುಗರು ಕಾದಂಬರಿಗಳಿಂದ ಬಲ್ಲ ಗಣೇಶಯ್ಯ ಇವರೇ.

ನಿಮ್ಮ ಮನೆಯ ಗೋಡೆಯ ಮೇಲೂ ಸಾಲು ಇದ್ದೇ ಇರುತ್ತದೆ. ವಿಷದ ಸೀಮೆಸುಣ್ಣ ಎಳೆಯುವ ಮೊದಲು ಅರ್ಧ ಗಂಟೆ ಕೊಡಿ. ಸಾಲು ಎಲ್ಲಿ ಎರಡಾಗುತ್ತದೆಯೋ ಆ ಜಾಗ ಹುಡುಕಿ ಅಲ್ಲೇ ಕೂರಿ. ಒಟ್ಟು ಸಾಲನ್ನು ನೋಡಬೇಡಿ, ಕಣ್ಣು ಸೋಲುತ್ತದೆ. ಒಂದೇ ಇರುವೆಯನ್ನು ಹಿಡಿದು ಕವಲು ದಾಟುವವರೆಗೂ ಬಿಡದೆ ನೋಡಿ, ಆಮೇಲೆ ಇನ್ನೊಂದನ್ನು. ಎಷ್ಟು ಎಡಕ್ಕೆ, ಎಷ್ಟು ಬಲಕ್ಕೆ, ಎಷ್ಟು ವಾಪಸು ಎಂದು ಚೀಟಿಯಲ್ಲಿ ಗೀಟು ಹಾಕುತ್ತ ಹೋಗಿ. ವಾಪಸಿನ ಕಾಲಂ ಖಾಲಿ ಉಳಿಯುವುದಿಲ್ಲ.