ಹತ್ತು ನಿಮಿಷದ ಚಿತ್ರಕ್ಕೆ ಆರು ತಿಂಗಳ ಲೆಕ್ಕ

ಹತ್ತು ನಿಮಿಷದ ಅನಿಮೇಷನ್ ಚಿತ್ರವೊಂದನ್ನು ನಾನೊಬ್ಬನೇ ಕುಳಿತು ಆರು ತಿಂಗಳಲ್ಲಿ ಮುಗಿಸಿದೆನೆಂದು ತಿಳಿದಾಗ ಅಧ್ಯಾಪಕ ಮಿತ್ರರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅಷ್ಟೂ ಚಿತ್ರಗಳನ್ನು ಕೈಯಿಂದಲೇ ಬರೆದಿರಾ? ಅಷ್ಟು ಕಾಲ ಸಾಕಾಯಿತೆ? ಎರಡಕ್ಕೂ ಉತ್ತರ ನಾನು ಮೊದಲ ದಿನವೇ ಹಾಕಿಕೊಂಡ ಒಂದು ಲೆಕ್ಕದಲ್ಲಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಹತ್ತು ನಿಮಿಷವೆಂದರೆ 600 ಸೆಕೆಂಡು, ಅಂದರೆ 14,400 ಚಿತ್ರಗಳು. ಒಂದೊಂದು ಚಿತ್ರವನ್ನೂ ಎರಡೆರಡು ಬಾರಿ ತೋರಿಸುವ ಪದ್ಧತಿಯುಂಟು. ಆಗಲೂ 7,200 ಬೇಕಾಗುತ್ತವೆ. ಆರು ತಿಂಗಳಲ್ಲಿ 26 ವಾರ. ವಾರಕ್ಕೆ ಆರು ದಿನದಂತೆ 156 ದಿನ. ಕಥೆ, ಧ್ವನಿ ಮೊದಲಾದ ಯಾವ ಕೆಲಸವನ್ನೂ ಮಾಡದೆ ಬರೀ ಚಿತ್ರ ಬರೆಯುತ್ತ ಕುಳಿತರೂ ದಿನಕ್ಕೆ 46 ಚಿತ್ರಗಳಾಗಬೇಕು. ಒಂಟಿ ಕೈಗೆ ಇದು ನಿಲುಕುವ ಮಾತಲ್ಲ. ಆದುದರಿಂದ ನಾನು ತೊಗಲುಗೊಂಬೆಯ ದಾರಿ ಹಿಡಿದೆ. ಪಾತ್ರದ ತಲೆ, ತೋಳು, ಮುಂಗೈ, ತೊಡೆ, ಪಾದಗಳನ್ನು ಒಮ್ಮೆ ಬಿಡಿಬಿಡಿಯಾಗಿ ಬರೆದು, ಗಣಕಯಂತ್ರದಲ್ಲಿ ಕೀಲು ಜೋಡಿಸಿ, ಆಮೇಲೆ ಆಡಿಸುವುದು. ಇದಕ್ಕೆ ಬ್ಲೆಂಡರ್ ಎಂಬ ಉಚಿತ ತಂತ್ರಾಂಶವೇ ಸಾಕಾಯಿತು.

ಈ ವೇಗ ಸಾಧ್ಯವೇ ಎಂಬ ಶಂಕೆಗೆ ಒಂದು ನಿದರ್ಶನವಿದೆ. ಲಾಟ್ವಿಯ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಎಂಬ ತರುಣನು 'ಅವೇ' ಎಂಬ 75 ನಿಮಿಷದ ಚಿತ್ರವನ್ನು ಸುಮಾರು ಮೂರೂವರೆ ವರ್ಷ ಏಕಾಂಗಿಯಾಗಿ ದುಡಿದು 2019ರಲ್ಲಿ ಹೊರತಂದನು. ಭಾಗಿಸಿ ನೋಡಿದರೆ ತಿಂಗಳಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಹತ್ತು ನಿಮಿಷಕ್ಕೆ ಆರು ತಿಂಗಳೆಂಬುದೂ ಹೆಚ್ಚುಕಡಿಮೆ ಅದೇ ವೇಗ. ಸಾಧ್ಯವುಂಟು, ಆದರೆ ಸಡಿಲಕ್ಕೆ ಎಡೆಯಿಲ್ಲ.

ನನ್ನ ಕಥೆ ಸಣ್ಣದು. ಬರಗಾಲದಲ್ಲಿ ಅಜ್ಜಿಯೂ ಮೊಮ್ಮಗನೂ ದೂರದ ಕೆರೆಯಿಂದ ನೀರು ತರುವುದು. ಎರಡೇ ಪಾತ್ರ, ನಾಲ್ಕೇ ಸ್ಥಳ. ಕಾಲವನ್ನು ಹೀಗೆ ಹಂಚಿದೆ: ಕಥೆಗೆ 2 ವಾರ, ದೃಶ್ಯಗಳ ಕರಡು ಚಿತ್ರಗಳಿಗೆ 4, ಪಾತ್ರ, ಹಿನ್ನೆಲೆ ಮತ್ತು ಸಂಭಾಷಣೆಯ ಧ್ವನಿಮುದ್ರಣಕ್ಕೆ 3, ಚಲನೆಗೆ 12, ಬಣ್ಣ, ಬೆಳಕು ಹೊಂದಿಸಿ ಅಂತಿಮ ಚಿತ್ರಗಳನ್ನು ತೆಗೆಯುವುದಕ್ಕೆ 2, ಧ್ವನಿ ಸಂಯೋಜನೆಗೆ 1, ಕೊನೆಯ 2 ವಾರ ಮೀಸಲು.

ಇವುಗಳಲ್ಲಿ ಆರನೆಯ ವಾರದ ಕೊನೆಯೇ ಅತಿ ಮುಖ್ಯವಾದ ಮೈಲಿಗಲ್ಲು. ಅಷ್ಟರೊಳಗೆ ಕರಡು ಚಿತ್ರಗಳನ್ನು ಸಾಲಾಗಿ ಜೋಡಿಸಿ, ನನ್ನದೇ ದನಿಯಲ್ಲಿ ಮಾತುಗಳನ್ನು ತಾತ್ಕಾಲಿಕವಾಗಿ ತುಂಬಿ, ಇಡೀ ಚಿತ್ರವನ್ನು ನಿಜವಾದ ಅವಧಿಯಲ್ಲಿ ಓಡಿಸಿ ನೋಡಬೇಕು. ಇದನ್ನು ಅನಿಮ್ಯಾಟಿಕ್ ಎನ್ನುತ್ತಾರೆ. ನನ್ನದು ಮೊದಲ ಸಲ 11 ನಿಮಿಷ 40 ಸೆಕೆಂಡು ಬಂದಿತು. 100 ಸೆಕೆಂಡು ಹೆಚ್ಚು. ದಾರಿಯಲ್ಲಿ ಬರುವ ಸಂತೆಯ ದೃಶ್ಯವನ್ನು ಪೂರ್ತಿಯಾಗಿ ತೆಗೆದೆ. ಕರಡಿನಲ್ಲಿ ಅದನ್ನು ತೆಗೆಯಲು ಒಂದು ಸಂಜೆ ಸಾಕಾಯಿತು. ಅದನ್ನೇ ಚಲನೆ ಮುಗಿದ ಮೇಲೆ ತೆಗೆದಿದ್ದರೆ, ಸರಾಸರಿ ಲೆಕ್ಕದಲ್ಲಿಯೇ 13 ದಿನಗಳ ದುಡಿಮೆ ವ್ಯರ್ಥವಾಗುತ್ತಿತ್ತು. ಆ ದಿನದ ನಂತರ ಯಾವ ದೃಶ್ಯದ ಅವಧಿಯೂ ಬೆಳೆಯಬಾರದೆಂಬುದು ನಿಯಮ.

ಇನ್ನು ಚಲನೆಯ 12 ವಾರ, ಅಂದರೆ 72 ದಿನ. ಶೀರ್ಷಿಕೆಗಳ 40 ಸೆಕೆಂಡು ಕಳೆದು ಉಳಿದದ್ದು 560 ಸೆಕೆಂಡು, 96 ಶಾಟುಗಳು. ದಿನಕ್ಕೆ ಎಂಟು ಸೆಕೆಂಡೆಂದು ಸಮನಾಗಿ ಹಂಚಿದರೆ ಆ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಬರಿದಾದ ಕೆರೆಯನ್ನು ತೋರಿಸುವ ಶಾಟಿನಲ್ಲಿ ಅಲುಗುವುದೇನೂ ಇಲ್ಲ. ಅಜ್ಜಿ ಕೊಡ ಹೊತ್ತು ನಡೆಯುವಲ್ಲಿ ಪಾದ ನೆಲಕ್ಕೂ ಕೈ ಕೊಡಕ್ಕೂ ಅಂಟಿಕೊಂಡಿರಬೇಕು. ಪಾದ ಎಳ್ಳಷ್ಟು ಜಾರಿದರೂ ಮುದುಕಿ ಮಂಜುಗಡ್ಡೆಯ ಮೇಲೆ ತೇಲಿದಂತೆ ಕಾಣುತ್ತಾಳೆ. ಆದುದರಿಂದ ಶಾಟುಗಳನ್ನು ಮೂರು ವರ್ಗ ಮಾಡಿದೆ. ನಡಿಗೆ, ಎತ್ತುವಿಕೆಗಳ ಕಠಿನ ವರ್ಗ 90 ಸೆಕೆಂಡು. ದಿನಕ್ಕೆ 3 ಸೆಕೆಂಡಿನಂತೆ 30 ದಿನ. ಮಾತು, ಮುಖಭಾವಗಳ ಮಧ್ಯಮ ವರ್ಗ 280 ಸೆಕೆಂಡು. ದಿನಕ್ಕೆ 10ರಂತೆ 28 ದಿನ. ನಿಶ್ಚಲ ದೃಶ್ಯಗಳ ಸುಲಭ ವರ್ಗ 190 ಸೆಕೆಂಡು; ದಿನಕ್ಕೆ 20ರಂತೆ ಒಂಬತ್ತೂವರೆ ದಿನ. ಒಟ್ಟು ಅರವತ್ತೇಳೂವರೆ ದಿನ. ಈ ವೇಗಗಳನ್ನು ಒಂಬತ್ತನೆಯ ವಾರದಲ್ಲಿ ವರ್ಗಕ್ಕೊಂದು ಶಾಟನ್ನು ಆದ್ಯಂತ ಮಾಡಿ, ಗಡಿಯಾರ ನೋಡಿ ಪಡೆದಿದ್ದೆ.

ಸುಲಭವಾದುದನ್ನೇ ಮೊದಲು ಮುಗಿಸುವ ಆಸೆ ಸಹಜ. ಹಾಗೆ ಮಾಡಿದ್ದರೆ ಮೊದಲ ನಾಲ್ಕು ವಾರಗಳಲ್ಲಿ 335 ಸೆಕೆಂಡು ಮುಗಿದು, ಮೂರನೆಯ ಒಂದು ಭಾಗ ಕಾಲದಲ್ಲಿ ಚಿತ್ರದ ಅರ್ಧಕ್ಕೂ ಮಿಗಿಲಾದ ಭಾಗ ಕೈಸೇರಿದಂತೆ ತೋರುತ್ತಿತ್ತು. ಆದರೆ ಅದು ಯೋಜನೆಗಿಂತ ಒಂದು ದಿನವೂ ಮುಂದಲ್ಲ. ಭಾರವೆಲ್ಲ ಕೊನೆಗೆ ಉಳಿದಿರುತ್ತದೆ. ಆ ಕಾರಣ ನಾನು ಕಠಿನ ವರ್ಗದಿಂದಲೇ ಆರಂಭಿಸಿದೆ. ಪ್ರತಿ ಶನಿವಾರ ಸಂಜೆ, ಪೂರ್ಣವಾಗಿ ಮುಗಿದ ಶಾಟುಗಳ ಸೆಕೆಂಡುಗಳನ್ನಷ್ಟೇ ಗೋಡೆಯ ಹಾಳೆಯಲ್ಲಿ ವರ್ಗವಾರು ಬರೆಯುತ್ತಿದ್ದೆ. ಅರ್ಧ ಆದುದಕ್ಕೆ ಅಂಕವಿಲ್ಲ; ದುಡಿದ ಗಂಟೆಗಳಿಗೂ ಅಂಕವಿಲ್ಲ.

ನಾಲ್ಕು ವಾರ ಕಳೆದಾಗ ಹಾಳೆ ಮಾತನಾಡಿತು. 24 ದಿನಗಳಲ್ಲಿ 72 ಸೆಕೆಂಡು ಆಗಬೇಕಿದ್ದಲ್ಲಿ ಆದದ್ದು 54. ಒಬ್ಬರೇ ನಡೆಯುವ ಶಾಟು ಅಂದಾಜಿನಂತೆಯೇ ಸಾಗಿತ್ತು. ಇಬ್ಬರೂ ಒಟ್ಟಿಗೆ ನಡೆಯುವಲ್ಲಿ ಕೆಲಸ ನಿಧಾನವಾಗಿತ್ತು. ದಿನಕ್ಕೆ ನಿಜವಾದ ವೇಗ ಎರಡೂಕಾಲು ಸೆಕೆಂಡು. ಉಳಿದ 36 ಸೆಕೆಂಡಿಗೆ 16 ದಿನ ಬೇಕು. ಬೇರೆ ವರ್ಗಗಳನ್ನೂ ಸೇರಿಸಿದರೆ ಐವತ್ಮೂರೂವರೆ ದಿನ. ಕೈಯಲ್ಲಿದ್ದುದು 48. ಮೀಸಲು ವಾರಗಳನ್ನು ಆಗಲೇ ಮುಟ್ಟಲು ಮನಸ್ಸೊಪ್ಪಲಿಲ್ಲ. ರಾತ್ರಿ ನಿದ್ದೆಗೆಡುವುದೂ ಉಪಾಯವಲ್ಲ.

ಉಪಾಯ ದೊರೆತದ್ದು ಶಾಟುಗಳ ಪಟ್ಟಿಯಲ್ಲಿಯೇ. ಕೆರೆಯ ಏರಿಯ ಮೇಲೆ ಇಬ್ಬರೂ ನಡೆದುಬರುವ 18 ಸೆಕೆಂಡುಗಳನ್ನು ಸೊಂಟದ ಮೇಲ್ಭಾಗ ಮಾತ್ರ ಕಾಣುವಂತೆ ತೋರಿಸಿದೆ. ಪಾದಗಳೇ ಕಾಣದ ಮೇಲೆ ಜಾರುವ ಪ್ರಶ್ನೆಯಿಲ್ಲ. ದೇಹದ ಏರಿಳಿತವಿದ್ದರೆ ಸಾಕು. ನಡಿಗೆಯನ್ನು ಹೆಜ್ಜೆಯ ಸಪ್ಪಳವೂ ಕೊಡದಲ್ಲಿ ನೀರು ತುಳುಕುವ ಸದ್ದೂ ಹೇಳಿದವು. ಎಂಟು ದಿನಗಳ ಕೆಲಸ ಎರಡು ದಿನಗಳಲ್ಲಿ ಮುಗಿದು, ಕೊರತೆಯಾದ ಐದೂವರೆ ದಿನ ತುಂಬಿಬಂದಿತು. ಚಿತ್ರದ ಉದ್ದ ಒಂದು ಸೆಕೆಂಡೂ ಕುಗ್ಗಲಿಲ್ಲ. ನೋಡಿದವರಲ್ಲಿ ಹಲವರು ಮುದುಕಿಯ ಮುಖವನ್ನು ಹತ್ತಿರದಿಂದ ಕಂಡದ್ದು ಅಲ್ಲಿಯೇ ಎಂದರು.

ಅಂತಿಮ ಚಿತ್ರಗಳನ್ನು ಯಂತ್ರ ತೆಗೆಯುವಾಗ ಒಂದೊಂದಕ್ಕೆ ಹತ್ತು ಸೆಕೆಂಡಾದರೂ 14,400ಕ್ಕೆ 40 ಗಂಟೆ ಹಿಡಿಯುತ್ತದೆ. ಇಡೀ ಚಿತ್ರವನ್ನು ಒಂದೇ ಕಡತವಾಗಿ ತೆಗೆಯದೆ ಬಿಡಿ ಚಿತ್ರಗಳಾಗಿ ತೆಗೆದೆ. ಆದುದರಿಂದ ನಡುರಾತ್ರಿ ವಿದ್ಯುತ್ ಹೋದಾಗ ಕಳೆದುಕೊಂಡದ್ದು ಒಂದೇ ಚಿತ್ರ; ಬೆಳಿಗ್ಗೆ ಮುಂದಿನ ಸಂಖ್ಯೆಯಿಂದ ಕೆಲಸ ಮುಂದುವರಿಯಿತು.

ಮೀಸಲಿನ ಎರಡು ವಾರಗಳಲ್ಲಿ ಖರ್ಚಾದುದು ಎಂಟು ದಿನ. ಮೊಮ್ಮಗನ ಮಾತಾಡಿದ್ದ ಬಾಲಕನ ಒಂದು ಸಂಭಾಷಣೆಯಲ್ಲಿ ಹೊರಗಿನ ವಾಹನದ ಸದ್ದು ಬೆರೆತಿದ್ದು, ಅದನ್ನು ಮತ್ತೆ ಮುದ್ರಿಸಬೇಕಾಯಿತು. ಅಷ್ಟರಲ್ಲಿ ಅವನಿಗೆ ನೆಗಡಿ ಹಿಡಿದಿತ್ತು. ಅವನ ಗಂಟಲು ತಿಳಿಯಾಗುವವರೆಗೆ ಕಾಯುವಷ್ಟು ದಿನಗಳು ನನ್ನ ಹಾಳೆಯಲ್ಲಿದ್ದವು.